ಒಂದೇ ನಿಫ್ಟಿ, ಬೇರೆ ಬೇರೆ ಲಾಭ

ನಿಫ್ಟಿ 50 ಸೂಚ್ಯಂಕದಲ್ಲಿ ಯಾವ ಷೇರು ಎಷ್ಟು ಪಾಲು ಎಂಬುದು ಎಲ್ಲರಿಗೂ ಗೊತ್ತಿರುವ ಪಟ್ಟಿ. ಅದನ್ನು ಹಾಗೆಯೇ ಅನುಸರಿಸುವುದಷ್ಟೇ ಇಂಡೆಕ್ಸ್ ಫಂಡ್‌ಗಳ ಕೆಲಸ. ಆದರೂ ವರ್ಷದ ಕೊನೆಗೆ ಎರಡು ಫಂಡ್‌ಗಳ ಲಾಭ ಒಂದೇ ಆಗಿರುವುದಿಲ್ಲ.

ಸೂಚ್ಯಂಕ ಬರೀ ಲೆಕ್ಕ. ಅದಕ್ಕೆ ದಲ್ಲಾಳಿ ಶುಲ್ಕವಿಲ್ಲ, ತೆರಿಗೆಯಿಲ್ಲ, ಹಣ ವಾಪಸ್ ಕೇಳುವ ಹೂಡಿಕೆದಾರರೂ ಇಲ್ಲ. ಫಂಡ್‌ಗೆ ಇವೆಲ್ಲ ಇವೆ. ಹಣ ಹಿಂಪಡೆಯುವವರಿಗೆಂದು ಅದು ಸ್ವಲ್ಪ ನಗದು ಇಟ್ಟುಕೊಳ್ಳಬೇಕು. ನೂರರಲ್ಲಿ ಮೂರು ರೂಪಾಯಿ ನಗದಾಗಿದ್ದರೆ, ನಿಫ್ಟಿ ಶೇ 2ರಷ್ಟು ಏರಿದ ದಿನ ಫಂಡ್ ಶೇ 1.94ರಷ್ಟೇ ಏರುತ್ತದೆ, ಇಳಿದ ದಿನ ಅಷ್ಟೇ ಕಡಿಮೆ ಇಳಿಯುತ್ತದೆ.

2023ರಲ್ಲಿ ರಿಲಯನ್ಸ್‌ನಿಂದ ಜಿಯೊ ಫೈನಾನ್ಷಿಯಲ್ ಬೇರ್ಪಟ್ಟಾಗ ಈ ಕಷ್ಟ ಕಣ್ಣಿಗೆ ಕಟ್ಟುವಂತೆ ಕಂಡಿತು. ಜುಲೈ 20ರ ವಿಶೇಷ ವಹಿವಾಟಿನಲ್ಲಿ ಹೊಸ ಷೇರಿಗೆ 261.85 ರೂಪಾಯಿ ಬೆಲೆ ನಿಗದಿಯಾಗಿ, ಅದು ತಾತ್ಕಾಲಿಕವಾಗಿ ನಿಫ್ಟಿಯ 51ನೇ ಷೇರಾಗಿ ಉಳಿಯಿತು. ಆಗಸ್ಟ್ 21ರಂದು ಮಾರುಕಟ್ಟೆಗೆ ಬಂದದ್ದೇ ಲೋವರ್ ಸರ್ಕ್ಯೂಟ್‌ಗೆ ಬಿತ್ತು, ಮರುದಿನವೂ ಅದೇ ಕಥೆ. ಇಂಡೆಕ್ಸ್ ಫಂಡ್‌ಗಳೆಲ್ಲ ಮಾರಲೇಬೇಕು, ಆದರೆ ಕೊಳ್ಳುವವರು ಸಾಲದು. ಷೇರನ್ನು ಸೂಚ್ಯಂಕದಿಂದ ಕೈಬಿಡುವ ದಿನವನ್ನೇ ಮುಂದೂಡಬೇಕಾಯಿತು. ಸೂಚ್ಯಂಕವು ದಿನದ ಮುಕ್ತಾಯದ ಬೆಲೆಗೆ ಷೇರನ್ನು ತೆಗೆದುಹಾಕುತ್ತದೆ. ಫಂಡ್‌ಗೆ ದಕ್ಕುವುದು ಮಾರಾಟವಾದ ಬೆಲೆ ಮಾತ್ರ.

ಸೂಚ್ಯಂಕ ಮತ್ತು ಫಂಡ್‌ನ ಲಾಭದ ನಡುವೆ ದಿನದಿನವೂ ಕಾಣುವ ಅಂತರ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಅಳೆಯುವುದು ಟ್ರ್ಯಾಕಿಂಗ್ ಎರರ್. ಷೇರು ಸೂಚ್ಯಂಕಗಳ ಫಂಡ್‌ಗಳಲ್ಲಿ ಇದು ವರ್ಷಕ್ಕೆ ಶೇ 2 ಮೀರಬಾರದೆಂದು ಸೆಬಿ 2022ರಲ್ಲಿ ನಿಯಮ ಮಾಡಿದೆ. ಹೂಡಿಕೆದಾರರು ಎಡವುವುದು ಇಲ್ಲೇ. ದಿನವೂ ಒಂದೇ ಸಮನೆ ಚೂರುಚೂರು ಹಿಂದೆ ಬೀಳುವ ಫಂಡ್‌ನಲ್ಲಿ ಏರುಪೇರೇ ಇರುವುದಿಲ್ಲ. ಹಾಗಾಗಿ ಅದರ ಟ್ರ್ಯಾಕಿಂಗ್ ಎರರ್ ಸೊನ್ನೆಯ ಹತ್ತಿರವಿದ್ದು, ವರ್ಷಕ್ಕೆ ಶೇ 1ರಷ್ಟು ಲಾಭ ಕೈತಪ್ಪಿರಬಹುದು.

ಆ ನಷ್ಟವನ್ನು ತೋರಿಸುವುದು ಟ್ರ್ಯಾಕಿಂಗ್ ಡಿಫರೆನ್ಸ್, ಅಂದರೆ ಎರಡರ ಲಾಭದ ನೇರ ವ್ಯತ್ಯಾಸ. ಇದರಲ್ಲಿ ದೊಡ್ಡ ಪಾಲು ಫಂಡ್‌ನ ನಿರ್ವಹಣಾ ವೆಚ್ಚದ್ದೇ. ಒಂದೇ ಫಂಡ್‌ನ ರೆಗ್ಯುಲರ್ ಪ್ಲಾನ್, ಏಜೆಂಟರ ಕಮಿಷನ್ನಿನಿಂದಾಗಿ ಡೈರೆಕ್ಟ್ ಪ್ಲಾನ್‌ಗಿಂತ ಹಿಂದುಳಿಯುವುದು ಇದೇ ಕಾರಣಕ್ಕೆ. ಸೂಚ್ಯಂಕ ವರ್ಷಕ್ಕೆ ಶೇ 12 ಬೆಳೆಯಿತೆಂದುಕೊಳ್ಳೋಣ. ಶೇ 0.2 ಹಿಂದಿರುವ ಫಂಡ್‌ನಲ್ಲಿ ಒಂದು ಲಕ್ಷ ರೂಪಾಯಿ 20 ವರ್ಷಕ್ಕೆ ಸುಮಾರು 9.31 ಲಕ್ಷವಾದರೆ, ಶೇ 1 ಹಿಂದಿರುವುದರಲ್ಲಿ 8.06 ಲಕ್ಷ.

ಹೋಲಿಸುವಾಗ ಡಿವಿಡೆಂಡ್ ಸೇರಿದ ಟಿಆರ್‌ಐ ಸೂಚ್ಯಂಕವನ್ನೇ ಹಿಡಿಯಬೇಕು. ಟಿವಿಯಲ್ಲಿ ಕಾಣುವ ನಿಫ್ಟಿಗೆ ಡಿವಿಡೆಂಡ್ ಸೇರಿರುವುದಿಲ್ಲ. ಅದರ ಪಕ್ಕದಲ್ಲಿಟ್ಟರೆ ಹಿಂದೆ ಬಿದ್ದ ಫಂಡ್ ಕೂಡ ಗೆದ್ದಂತೆ ಕಾಣುತ್ತದೆ. ಒಂದು, ಮೂರು, ಐದು ವರ್ಷಗಳ ಟ್ರ್ಯಾಕಿಂಗ್ ಡಿಫರೆನ್ಸ್ ಅನ್ನು ಫಂಡ್ ಸಂಸ್ಥೆಗಳು ತಿಂಗಳಿಗೊಮ್ಮೆ ತಮ್ಮ ಜಾಲತಾಣದಲ್ಲೂ ಆಂಫಿ ಜಾಲತಾಣದಲ್ಲೂ ಪ್ರಕಟಿಸಲೇಬೇಕು.