ಚಟ ಹಿಡಿಸದ ನಿದ್ದೆ ಮಾತ್ರೆ

ಹನ್ನೊಂದಕ್ಕೆ ಮಲಗಿದರೂ ಒಂದರವರೆಗೆ ಹೊರಳಾಡುವವರಿಗೆಂದು 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ ರಾಮೆಲ್ಟಿಯಾನ್. ಜೋಲ್ಪಿಡೆಮ್‌ನಂಥ ರೂಢಿಯ ನಿದ್ದೆ ಮಾತ್ರೆಗಳು ಇಡೀ ಮಿದುಳಿನ ಚುರುಕನ್ನೇ ತಗ್ಗಿಸುತ್ತವೆ. ಚಟವಾಗುವ ಅಪಾಯವೂ ಉಂಟು. ರಾಮೆಲ್ಟಿಯಾನ್ ಹಾಗಲ್ಲ. ಕತ್ತಲಾದಾಗ ದೇಹವೇ ಸ್ರವಿಸುವ ಮೆಲಟೋನಿನ್ ಕೂರುವ ಎಂಟಿ1, ಎಂಟಿ2 ಗ್ರಾಹಕಗಳಿಗೇ ಇದು ಅಂಟಿಕೊಂಡು, ಮಿದುಳಿನ ಗಡಿಯಾರಕ್ಕೆ ರಾತ್ರಿಯಾಯಿತೆಂದು ತಿಳಿಸುತ್ತದೆ. ಚಟ ಹಿಡಿಸುವ ಲಕ್ಷಣ ಕಂಡಿಲ್ಲ.

ಹಾಗಾದರೆ ಮೆಲಟೋನಿನ್ ಮಾತ್ರೆಯೇ ಸಾಲದೇ? ಅಮೆರಿಕದಲ್ಲಿ ಅದು ಆಹಾರ ಪೂರಕ. ಚೀಟಿಯಲ್ಲಿ ಬರೆದಷ್ಟೇ ಮಾತ್ರೆಯೊಳಗೂ ಇರುತ್ತದೆಂಬ ಖಾತರಿಯಿಲ್ಲ. ರಾಮೆಲ್ಟಿಯಾನ್ ವೈದ್ಯರ ಚೀಟಿಯ ಮೇಲೆ ಸಿಗುವ, 8 ಮಿಲಿಗ್ರಾಂ ಅಳತೆಯ ಔಷಧ.

ಮಲಗುವ ಅರ್ಧ ಗಂಟೆಯೊಳಗೆ ನುಂಗಬೇಕು. ಜಿಡ್ಡಿನೂಟವಾದ ಕೂಡಲೇ ಬೇಡ. ಫ್ಲೂವಾಕ್ಸಮೀನ್ ಸೇವಿಸುವವರು ಮುಟ್ಟಲೇಬಾರದು, ರಕ್ತದಲ್ಲಿ ಇದರ ಮಟ್ಟ ವಿಪರೀತ ಏರುತ್ತದೆ. ಪರಿಣಾಮ ಸೌಮ್ಯ: ನಿದ್ದೆ ಕೆಲವು ನಿಮಿಷ ಬೇಗ ಹತ್ತೀತು. ನಡುರಾತ್ರಿ ಮೂರಕ್ಕೆ ಎಚ್ಚರವಾಗುವವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ.