ಕಿಟಕಿಯ ಮೂಲೆಯಿಂದ ಹೊರಡುವ ಗೆರೆ

ಜರ್ಮನಿಯ ಊರುಗಳಲ್ಲಿ ಹಳೆಯ ಅಪಾರ್ಟ್‌ಮೆಂಟುಗಳಿಗೆ ಹೊರಗಡೆಯಿಂದ ಥರ್ಮೊಕೋಲ್ ಹಲಗೆ ಅಂಟಿಸುವುದು ತೀರ ಸಾಮಾನ್ಯ ನೋಟ. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಖರ್ಚು ಉಳಿಸಲು 14ರಿಂದ 16 ಸೆಂಟಿಮೀಟರ್ ದಪ್ಪದ ಹಲಗೆ ಅಂಟಿಸಿ, ಮೇಲೆ ತೆಳುವಾದ ಗಾರೆ ಬಳಿದು ಬಣ್ಣ ಹಚ್ಚುತ್ತಾರೆ. ದೂರದಿಂದ ನೋಡಿದರೆ ಗಟ್ಟಿ ಗೋಡೆಯೇ. ಬೆರಳ ಗೆಣ್ಣಿನಿಂದ ತಟ್ಟಿದರೆ ಮಾತ್ರ ಟೊಳ್ಳು ಸದ್ದು ಬರುತ್ತದೆ. ಕೆಲಸ ಮುಗಿದು ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಕೆಲವು ಕಟ್ಟಡಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಗೆರೆ ಮೇಲಕ್ಕೋ ಕೆಳಕ್ಕೋ ಹೊರಡುತ್ತದೆ. ಗಾರೆ ಕಳಪೆ ಎಂದು ಎಲ್ಲರೂ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಗಾರೆಯಲ್ಲಲ್ಲ, ಅದರ ಕೆಳಗೆ.

ನಮ್ಮಲ್ಲಿ ಇಟ್ಟಿಗೆ ಗೋಡೆಯ ಹೊರಮೈಗೆ 15ರಿಂದ 20 ಮಿಲಿಮೀಟರ್ ಪ್ಲಾಸ್ಟರಿಂಗ್ ಮಾಡುತ್ತೇವೆ. ಬಿಸಿಲು ಬಿದ್ದರೆ ಆ ಶಾಖ ಇಟ್ಟಿಗೆಯೊಳಗೆ ಇಳಿಯುತ್ತದೆ, ಗೋಡೆ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಥರ್ಮೊಕೋಲ್ ಮೇಲಿನ ಗಾರೆಗೆ ಆ ಆಸರೆ ಇಲ್ಲ. ಒಳಪದರ, ಹೊರಪದರ ಎರಡೂ ಸೇರಿ ಅದರ ದಪ್ಪ 5ರಿಂದ 8 ಮಿಲಿಮೀಟರ್ ಅಷ್ಟೇ. ಹಿಂದಿರುವ ಹಲಗೆ ಶಾಖವನ್ನು ಒಳಗೆ ಬಿಡುವುದಿಲ್ಲ. ಬಿಡದಿರುವುದೇ ಅದರ ಕೆಲಸ. ಹೀಗಾಗಿ ಬಿಸಿಲೆಲ್ಲ ಆ ತೆಳು ಪೊರೆಯಲ್ಲೇ ನಿಲ್ಲುತ್ತದೆ. ಕಡು ಬಣ್ಣ ಬಳಿದ ಪಶ್ಚಿಮದ ಗೋಡೆ ಬೇಸಿಗೆಯ ಸಂಜೆ 70 ಡಿಗ್ರಿ ಮುಟ್ಟಬಹುದು. ಅದೇ ಹೊತ್ತಿಗೆ ಗುಡುಗುಮಳೆ ಬಂದರೆ ಕೆಲವೇ ನಿಮಿಷಗಳಲ್ಲಿ ತಣ್ಣಗಾಗಿ ಕುಗ್ಗುತ್ತದೆ. ಈ ಗೋಡೆಗಳಿಗೆ ತಿಳಿ ಬಣ್ಣವನ್ನೇ ಆರಿಸಿ ಎನ್ನುವುದು ಅಂದಕ್ಕಾಗಿ ಅಲ್ಲ.

ಕುಗ್ಗುವ ಪೊರೆಯನ್ನು ಹಿಡಿದಿಡಲು ಗಾಜಿನ ಎಳೆಯ ಜಾಲರಿ ಹಾಕುತ್ತಾರೆ. ಸಿಮೆಂಟಿನ ಕ್ಷಾರ ಗಾಜನ್ನು ತಿನ್ನುವುದರಿಂದ ಅದಕ್ಕೆ ರಕ್ಷಣೆಯ ಲೇಪ ಇರುತ್ತದೆ. ಜಾಲರಿ ಬಿರುಕನ್ನು ತಡೆಯುತ್ತದೆ ಎಂದು ಹೇಳುವುದುಂಟು. ಅದು ಅರ್ಧ ಸತ್ಯ. ಒಂದೇ ಕಡೆ ಬಾಯಿಬಿಡಬಹುದಾಗಿದ್ದ ಬಿರುಕನ್ನು ಅದು ಕಣ್ಣಿಗೆ ಕಾಣದ ಹಲವು ಸಣ್ಣ ಬಿರುಕುಗಳಾಗಿ ಹಂಚುತ್ತದೆ. ಅದಕ್ಕೆ ಅದು ಗಾರೆಯ ಒಳಗೇ ಮುಳುಗಿರಬೇಕು, ಅದೂ ಹೊರಮೈಗೆ ಹತ್ತಿರದಲ್ಲಿ. ಮೊದಲು ಗಾರೆ ಬಳಿದು, ಅದು ಹಸಿಯಾಗಿರುವಾಗಲೇ ಜಾಲರಿ ಒತ್ತಿ, ಮೇಲೆ ಮತ್ತೆ ತೆಳ್ಳಗೆ ಎಳೆಯಬೇಕು. ಒಂದು ಪಟ್ಟಿಯ ಮೇಲೆ ಇನ್ನೊಂದು 10 ಸೆಂಟಿಮೀಟರ್ ಹತ್ತಿರಬೇಕು. ಅವಸರದ ಮೇಸ್ತ್ರಿ ಒಣ ಹಲಗೆಗೇ ಜಾಲರಿ ಚುಚ್ಚಿ ನಿಲ್ಲಿಸಿ ಮೇಲಿಂದ ಗಾರೆ ಸವರಿದರೆ, ಜಾಲರಿ ಹಿಂದುಗಡೆ ಉಳಿದು ಗಾರೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಇನ್ನು ಕಿಟಕಿ. ಒಂದು ಕಾಗದದ ನಡುವೆ ಚೌಕದ ತೂತು ಕತ್ತರಿಸಿ ಎರಡು ಕಡೆಯಿಂದ ಎಳೆದು ನೋಡಿ. ಹರಿಯುವುದು ತೂತಿನ ಮೂಲೆಯಿಂದಲೇ. ಗೋಡೆಯ ಸೆಳೆತವೆಲ್ಲ ಕಿಟಕಿಯನ್ನು ಬಳಸಿಕೊಂಡು ಹೋಗುವಾಗ ಮೂಲೆಯಲ್ಲಿ ಗುಂಪುಗೂಡುತ್ತದೆ. ಗೋಡೆಗೆ ಹಾಕಿದ ಜಾಲರಿಯ ಎಳೆಗಳು ನೆಟ್ಟಗೆ, ಅಡ್ಡಡ್ಡ ಇರುತ್ತವೆ. ಬಿರುಕು ಮಾತ್ರ 45 ಡಿಗ್ರಿಯಲ್ಲಿ ಬರುತ್ತದೆ. ಅದಕ್ಕೇ ಪ್ರತಿ ಮೂಲೆಗೂ ಸುಮಾರು 20 x 30 ಸೆಂಟಿಮೀಟರಿನ ಜಾಲರಿ ತುಂಡನ್ನು ಓರೆಯಾಗಿ, ಅದರ ಉದ್ದದ ಅಂಚು ಮೂಲೆಗೆ ತಾಗುವಂತೆ, ಬಿರುಕಿನ ದಾರಿಗೆ ಅಡ್ಡಲಾಗಿ ಕೂರಿಸಬೇಕು. ದೊಡ್ಡ ಜಾಲರಿ ಬರುವುದು ಆಮೇಲೆ. ಕಿಟಕಿಗೆ ನಾಲ್ಕು ತುಂಡು, ಕೆಲವೇ ನಿಮಿಷದ ಕೆಲಸ. ಬಿಟ್ಟುಹೋಗುವುದೂ ಇದೇ.

ಆದರೆ ಹಲಗೆಯ ಜೋಡಣೆಯೇ ತಪ್ಪಿದ್ದರೆ ಈ ತುಂಡೂ ಕಾಪಾಡಲಾರದು. ಹಲಗೆಗಳ ಸಂದು ಕಿಟಕಿಯ ಅಂಚಿನ ನೇರಕ್ಕೆ ಬಂದರೆ, ಸೆಳೆತ ಹೆಚ್ಚಿರುವ ಜಾಗದಲ್ಲೇ ನಾವು ಸೀಳಿಗೆ ದಾರಿ ಮಾಡಿಕೊಟ್ಟ ಹಾಗಾಯಿತು. ಮೂಲೆಯ ಹಲಗೆಯನ್ನು ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಕತ್ತರಿಸಿ, ಒಂದೇ ತುಂಡು ಮೂಲೆಯನ್ನು ಬಳಸುವಂತೆ ಕೂರಿಸಬೇಕು. ಹಲಗೆ ಸ್ವಲ್ಪ ವ್ಯರ್ಥವಾಗುತ್ತದೆ, ಗುತ್ತಿಗೆದಾರನಿಗೆ ಅದು ಇಷ್ಟವಿಲ್ಲ. ಹಲಗೆಗಳ ನಡುವೆ ಸಂದು ಉಳಿದರೆ ಥರ್ಮೊಕೋಲ್ ಪಟ್ಟಿಯನ್ನೇ ತುರುಕಬೇಕು. ಗಾರೆ ತುಂಬಿದರೆ ಅಲ್ಲೊಂದು ಗಟ್ಟಿ ಗೆರೆ ಹುಟ್ಟಿ ಶಾಖವೂ ಸೋರುತ್ತದೆ, ಬಿರುಕೂ ಬರುತ್ತದೆ.

ಮೂಲೆಯ ಬಿರುಕಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಕಿಟಕಿಯ ಕೆಳಗಿನ ಸಿಲ್‌ನ ತುದಿ. ಒಂದೂವರೆ ಮೀಟರ್ ಉದ್ದದ ಅಲ್ಯೂಮಿನಿಯಂ ಸಿಲ್ ಇದೆ ಎನ್ನಿ. ಜನವರಿಯ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಜುಲೈ ಮಧ್ಯಾಹ್ನ 60 ಡಿಗ್ರಿ. ಒಂದು ಡಿಗ್ರಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 24 ಪಾಲಷ್ಟು, ಅಂದರೆ 0.024 ಮಿಲಿಮೀಟರ್ ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಈ ಸಿಲ್ ಚಳಿಗಾಲಕ್ಕೂ ಬೇಸಿಗೆಗೂ ನಡುವೆ ಎರಡೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಅದರ ಎರಡೂ ತುದಿಯನ್ನು ಗಾರೆಯಲ್ಲಿ ಬಿಗಿಯಾಗಿ ಹೂತಿದ್ದರೆ ಬೇಸಿಗೆಯಲ್ಲಿ ಅದು ಗಾರೆಯನ್ನು ತಳ್ಳುತ್ತದೆ, ಚಳಿಯಲ್ಲಿ ಹಿಂದೆ ಸರಿದು ಸಂದು ಬಿಡುತ್ತದೆ. ಕಿಟಕಿಯ ಗಾಜಿನ ಮೇಲೆ ಬಿದ್ದ ಮಳೆನೀರೆಲ್ಲ ಹರಿದು ಬರುವುದು ಅಲ್ಲಿಗೇ.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಸಿಲ್‌ನ ತುದಿಗೆ, ಲೋಹ ಒಳಗೇ ಜರುಗಲು ಜಾಗವಿರುವ ಮುಚ್ಚಳ ಹಾಕುತ್ತಾರೆ. ಮುಚ್ಚಳಕ್ಕೂ ಹಲಗೆಗೂ ನಡುವೆ, ಮೊದಲೇ ಒತ್ತಿ ಸುರುಳಿ ಸುತ್ತಿಟ್ಟ ಸ್ಪಂಜಿನ ಟೇಪು. ಅಂಟಿಸಿದ ಮೇಲೆ ಅದು ಮೆಲ್ಲಗೆ ಉಬ್ಬಿ ಸಂದು ತುಂಬುತ್ತದೆ, ಸಂದು ಹಿಗ್ಗಿದರೂ ಜೊತೆಗೇ ಹಿಗ್ಗುತ್ತದೆ. ಕಿಟಕಿಯ ಚೌಕಟ್ಟಿಗೆ ಗಾರೆ ನೇರವಾಗಿ ತಾಗಬಾರದು. ಜಾಲರಿಯ ರೆಕ್ಕೆಯಿರುವ ಪ್ಲಾಸ್ಟಿಕ್ ಪಟ್ಟಿಯನ್ನು ಚೌಕಟ್ಟಿಗೆ ಅಂಟಿಸಿ ಗಾರೆಯನ್ನು ಅದಕ್ಕೆ ತಂದು ನಿಲ್ಲಿಸಬೇಕು. ಸಿಲ್ ಹೊರಕ್ಕೆ ವಾಲಿರಬೇಕು, ಮುಗಿದ ಗೋಡೆಯಿಂದ ಮೂರ್ನಾಲ್ಕು ಸೆಂಟಿಮೀಟರ್ ಮುಂದೆ ಚಾಚಿರಬೇಕು. ಸಿಲ್‌ನ ಕೆಳಗೂ ನೀರು ನಿಲ್ಲಿಸುವ ಇನ್ನೊಂದು ಪದರ ಹೊರಕ್ಕೆ ಇಳಿಜಾರಾಗಿರಬೇಕು, ಏಕೆಂದರೆ ಮೇಲಿನದು ಒಂದಲ್ಲ ಒಂದು ದಿನ ಸೋರುತ್ತದೆ.

ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದು 1995ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್ ಊರಿನಲ್ಲಿ ಬಯಲಾಯಿತು. ಯುರೋಪಿನಲ್ಲಿ ಕಲ್ಲು, ಇಟ್ಟಿಗೆ, ಕಾಂಕ್ರೀಟಿನ ಮೇಲೆ ನಡೆದುಬಂದಿದ್ದ ಪದ್ಧತಿಯನ್ನು ಅಲ್ಲಿ ಮರದ ಚೌಕಟ್ಟಿನ ಮನೆಗಳಿಗೆ ಹಾಕಿದ್ದರು. ಹೊಸ ಮನೆಗಳ ಗೋಡೆಯೊಳಗಿನ ಮರದ ಹಲಗೆ ಕೊಳೆಯುತ್ತಿತ್ತು. ಗಾರೆಯ ಮೈಯಿಂದ ನೀರು ಒಳಗಿಳಿದದ್ದು ಕಡಿಮೆ. ಕಿಟಕಿಯ ಸುತ್ತಲಿನಿಂದ, ಜೋಡಣೆಗಳಿಂದ ಇಳಿದದ್ದೇ ಹೆಚ್ಚು. ಒಳಗೆ ಹೋದ ನೀರಿಗೆ ಹೊರಬರಲು ದಾರಿಯೇ ಇರಲಿಲ್ಲ. ಆಮೇಲೆ ಹಲಗೆಯ ಹಿಂದೆ ನೀರು ಇಳಿದುಹೋಗಲು ಜಾಗ ಬಿಡುವ ವಿಧಾನ ಅಲ್ಲಿನ ಮನೆಗಳಿಗೆ ಬಂತು. ಇಟ್ಟಿಗೆ ಗೋಡೆ ಇಂಥ ತಪ್ಪನ್ನು ಬಹುಕಾಲ ಸಹಿಸಿಕೊಳ್ಳುತ್ತದೆ, ಮರ ಸಹಿಸುವುದಿಲ್ಲ.

ಬಿರುಕು ಓದಲು ಒಳ್ಳೆಯ ಹೊತ್ತು ಮಳೆ ನಿಂತ ಮೇಲಿನ ಒಂದೆರಡು ಗಂಟೆ. ಗೋಡೆ ಒಣಗಿರುತ್ತದೆ, ನೀರು ಕುಡಿದ ಬಿರುಕು ಮಾತ್ರ ಇನ್ನೂ ಕಪ್ಪಗಿರುತ್ತದೆ. ಮೂಲೆಯಿಂದ ಓರೆ ಗೆರೆ ಕಂಡರೆ ಜಾಲರಿ ತುಂಡು ಇಲ್ಲ ಎಂದೇ ಮೊದಲ ಅನುಮಾನ. ಗೋಡೆಯ ತುಂಬ ಇಟ್ಟಿಗೆ ಸಾಲಿನಂಥ ಚೌಕಗಳು ಮೂಡಿದರೆ ಹಲಗೆಗಳ ಸಂದು ಬಾಯಿಬಿಟ್ಟಿವೆ. ಸುಮಾರು ಒಂದು ಮೀಟರ್ ಅಂತರಕ್ಕೊಂದು ನೆಟ್ಟನೆಯ ಗೆರೆ ಬಂದಿದ್ದರೆ ಜಾಲರಿಯ ಪಟ್ಟಿಗಳು ಒಂದರ ಮೇಲೊಂದು ಹತ್ತಿಲ್ಲ. ಸಿಲ್‌ನ ಎರಡು ತುದಿಯ ಕೆಳಗೆ ಕೊಳೆ ಇಳಿದ ಗೀರು ಇದ್ದರೆ ತುದಿಯ ಮುಚ್ಚಳವನ್ನು ಬಿಚ್ಚಿ ನೋಡಲೇಬೇಕು.

ಮೇಲೆ ಬಣ್ಣ ಬಳಿದು ಮುಚ್ಚಿದರೆ ಮುಂದಿನ ಚಳಿಗೆ ಗೆರೆ ಮತ್ತೆ ಬರುತ್ತದೆ. ಸರಿಯಾದ ದುರಸ್ತಿಗೆ ಬಿರುಕಿನ ಎರಡೂ ಬದಿಯ ಹೊರಪದರವನ್ನು ಅಗಲಕ್ಕೆ ಉಜ್ಜಿ ತೆಗೆದು, ಓರೆ ಜಾಲರಿಯನ್ನು ಹೊಸ ಗಾರೆಯಲ್ಲಿ ಮುಳುಗಿಸಿ, ಮತ್ತೆ ಹೊರಪದರ ಎಳೆಯಬೇಕು. ತೇಪೆಯ ಬಣ್ಣ ಹಳೆಯದರೊಡನೆ ಕೂಡುವುದಿಲ್ಲವಾದ್ದರಿಂದ ಆ ಬದಿಯ ಗೋಡೆಗೆಲ್ಲ ಬಣ್ಣ ಹೊಡೆಯಬೇಕಾಗುತ್ತದೆ, ಅದಕ್ಕೆ ಸ್ಕ್ಯಾಫೋಲ್ಡಿಂಗ್ ಕಟ್ಟಬೇಕಾಗುತ್ತದೆ. ಮ್ಯೂನಿಕ್ಕಿನಲ್ಲೋ ಸ್ಟುಟ್‌ಗಾರ್ಟಿನಲ್ಲೋ ಫ್ಲ್ಯಾಟ್ ಕೊಂಡಿರುವ ನಮ್ಮವರು, ಕಟ್ಟಡಕ್ಕೆ ಈ ಹೊದಿಕೆ ಹಾಕಿಸುವ ಮಾತು ಮಾಲೀಕರ ಸಭೆಗೆ ಬಂದಾಗ ಗುತ್ತಿಗೆಯಲ್ಲಿ ಒಂದು ಸಾಲು ಸೇರಿಸಲು ಕೇಳಬಹುದು: ಹೊರಪದರ ಎಳೆಯುವ ಮುನ್ನ ಪ್ರತಿ ಕಿಟಕಿಯ ನಾಲ್ಕು ಮೂಲೆ ಮತ್ತು ಸಿಲ್‌ನ ಎರಡು ತುದಿಯ ಫೋಟೊ ತೆಗೆದು ಕೊಡಬೇಕು.