ಯಾವ ಕೋಣೆಗೆ ಯಾವ ನೆಲ?

ಮನೆ ಕಟ್ಟಿಸುವವರು ಟೈಲ್ಸ್ ಅಂಗಡಿಗೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಹೊಳಪು. ಅಲ್ಲಿನ ನೆಲ ಒಣಗಿರುತ್ತದೆ, ಕಾಲಲ್ಲಿ ಚಪ್ಪಲಿ ಇರುತ್ತದೆ. ಮನೆಯಲ್ಲಿ ಅದೇ ನೆಲದ ಮೇಲೆ ನಾವು ಒದ್ದೆ ಬರಿಗಾಲಲ್ಲಿ ನಡೆಯುತ್ತೇವೆ. ಜಾರುವುದು ಕಲ್ಲೋ ಟೈಲೋ ಎಂಬುದಕ್ಕಿಂತ, ಮೇಲ್ಮೈ ಎಷ್ಟು ನಯವಾಗಿದೆ, ಅದರ ಮೇಲೆ ಏನು ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನ ಒಂದು ಸಾಧಾರಣ ಮನೆಯನ್ನೇ ತೆಗೆದುಕೊಂಡು ನೋಡೋಣ.

ಮೊದಲು ಬಚ್ಚಲುಮನೆ. ನೀರಿಗೆ ಸೋಪು ಸೇರುವ ಜಾಗವಾದ್ದರಿಂದ ಪಾಲಿಶ್ ಮಾಡಿದ ಯಾವುದೂ ಇಲ್ಲಿ ಬೇಡ. ಒಂದಡಿ ಚದರದ ಮ್ಯಾಟ್ ಟೈಲ್ ಒಳ್ಳೆಯದು. ಸಂದುಗಳು ಹೆಚ್ಚಿರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ, ನೀರು ಹೋಗುವ ಜಾಲರಿಯ ಕಡೆಗೆ ಇಳಿಜಾರು ಕೊಡುವುದೂ ಸುಲಭ. ದೊಡ್ಡ ಟೈಲ್ ಹಾಕಿದರೆ ಇಳಿಜಾರು ಸರಿಯಾಗಿ ಕೂರದೆ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಅಲ್ಲೇ ಪಾಚಿ ಕಟ್ಟಿ ಜಾರುತ್ತದೆ. ಟೈಲಿನ ಮಾಹಿತಿಯಲ್ಲಿ R9ರಿಂದ R13ರವರೆಗೆ ಜಾರದಿರುವಿಕೆಯ ದರ್ಜೆ ಬರೆದಿರುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಬಚ್ಚಲಿಗೆ R10 ಅಥವಾ R11 ಕೇಳಿ. ಅದಕ್ಕಿಂತ ಒರಟಾದರೆ ಕೊಳೆ ಉಜ್ಜುವುದೇ ಕೆಲಸವಾಗುತ್ತದೆ.

ಅಡುಗೆಮನೆಯಲ್ಲಿ ಎಣ್ಣೆ, ಹುಣಸೆರಸ, ಅರಿಸಿನ ಬೀಳುತ್ತವೆ. ಅಮೃತಶಿಲೆ, ಶಹಾಬಾದ್, ಕೋಟಾ ಇವೆಲ್ಲ ಸುಣ್ಣದ ಅಂಶದ ಕಲ್ಲುಗಳು. ಹುಳಿ ಬಿದ್ದ ಕಡೆ ಹೊಳಪು ಹೋಗಿ ಮಬ್ಬಾಗುತ್ತವೆ. ಗ್ರಾನೈಟ್‌ಗೆ ಆ ಭಯವಿಲ್ಲ. ವಿಟ್ರಿಫೈಡ್ ಟೈಲ್ ಹೀರುವ ನೀರು ತನ್ನ ತೂಕದ ಶೇ. 0.5ಕ್ಕಿಂತ ಕಡಿಮೆ, ಹಾಗಾಗಿ ಕಲೆ ನಿಲ್ಲುವುದು ಟೈಲಿನಲ್ಲಲ್ಲ, ಸಂದಿನಲ್ಲಿ. ಮ್ಯಾಟ್ ವಿಟ್ರಿಫೈಡ್ ಹಾಕಿಸಿ, ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ ತುಂಬಿಸಿದರೆ ಒರೆಸುವವರಿಗೆ ಹಗುರ.

ಹಜಾರಕ್ಕೆ ರೆಡ್ ಆಕ್ಸೈಡ್ ಚೆಂದ. ಕಾಲಿಗೆ ತಂಪು, ಒರೆಸಿದಷ್ಟೂ ಹೊಳಪು ಏರುತ್ತದೆ. ಆದರೆ ಇದು ಪೂರ್ತಿ ಗಾರೆಯವರ ಕೈಯಲ್ಲಿದೆ. ಅಡಿಪದರ ಗಟ್ಟಿಯಿಲ್ಲದಿದ್ದರೆ, ಕ್ಯೂರಿಂಗ್ ಸಾಲದಿದ್ದರೆ ಕೂದಲೆಳೆಯ ಬಿರುಕು ಬರುತ್ತದೆ. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ತಾಗಬಾರದು. ನೀರು ಬಿದ್ದರೆ ಚೆನ್ನಾಗಿಯೇ ಜಾರುತ್ತದೆ, ಆದ್ದರಿಂದ ಬಚ್ಚಲ ಬಾಗಿಲ ಹತ್ತಿರಕ್ಕೆ ತರಬೇಡಿ.

ಮರದ ನೆಲ ಮಲಗುವ ಕೋಣೆಗೆ ಮಾತ್ರ, ಅದೂ ಮಹಡಿಯಲ್ಲಿದ್ದರೆ ಮೇಲು. ದಿನವೂ ಬಕೆಟ್ ನೀರಿಟ್ಟು ಒರೆಸುವ ನಮ್ಮ ರೂಢಿಗೆ ಅದು ಒಗ್ಗದು. ಸಂದಿಗೆ ನೀರಿಳಿದರೆ ಹಲಗೆಯ ಅಂಚು ಉಬ್ಬುತ್ತದೆ. ಹಿಂಡಿದ ಬಟ್ಟೆಯಲ್ಲಷ್ಟೇ ಒರೆಸಬೇಕು, ನೆಲಮಹಡಿಯಲ್ಲಿ ತೇವ ಮತ್ತು ಗೆದ್ದಲು ನೋಡಿಕೊಳ್ಳಬೇಕು.

ಮಳೆ ಬಡಿಯುವ ಮೆಟ್ಟಿಲು, ಅಂಗಳಕ್ಕೆ ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಸಾದರಹಳ್ಳಿ ಗ್ರಾನೈಟ್ ಸಾಕು.

ಆರಿಸುವ ಮುನ್ನ ಒಂದೊಂದು ತುಂಡು ಮನೆಗೆ ತನ್ನಿ. ಕಲ್ಲಿನ ಮೇಲೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು ಒರೆಸಿ, ಮಬ್ಬಾಯಿತೇ ನೋಡಿ. ಟೈಲಿಗೆ ಸೋಪುನೀರು ಸುರಿದು, ಕುರ್ಚಿಯಲ್ಲಿ ಕೂತು, ಹಿಮ್ಮಡಿಯಿಂದ ತಳ್ಳಿ ನೋಡಿ. ಸಲೀಸಾಗಿ ಜಾರಿದರೆ ಆ ಟೈಲ್ ಬಚ್ಚಲಿಗೆ ಬೇಡ.